ಮಧ್ಯಾಹ್ನದ ನಲ್ಲಿಯಲ್ಲಿ ಕುದಿಯುವುದು ಟ್ಯಾಂಕಿನ ನೀರೋ, ಪೈಪಿನ ನೀರೋ?

ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡೂವರೆಗೆ ಬಚ್ಚಲುಮನೆಯ ನಲ್ಲಿ ತಿರುಗಿಸಿ ಕೈಯೊಡ್ಡಿದವರು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿಯೂ ಹಲವು ವರ್ಷ ಹೀಗೆಯೇ ಇತ್ತು. ಬೆಳಿಗ್ಗೆಯೇ ಎರಡು ಬಕೆಟ್ ನೀರು ಹಿಡಿದಿಟ್ಟುಕೊಂಡು, ಮಧ್ಯಾಹ್ನ ಅದರಲ್ಲಿಯೇ ಕೈಕಾಲು ತೊಳೆಯುವುದು ರೂಢಿಯಾಗಿತ್ತು. ಕೆಲಸಕ್ಕೆ ಬಂದ ಪ್ಲಂಬರ್ ಮೇಲೆ ಹತ್ತಿ ನೋಡಿ, "ಟ್ಯಾಂಕಿ ಬದಲಿ ಮಾಡ್ರಿ ಸರ, ಕರಿದು ತೆಗದು ಬಿಳಿದು ಕೂಡಸ್ರಿ" ಎಂದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು, ಆದರೆ ನಮ್ಮ ಮನೆಯ ಮಟ್ಟಿಗೆ ಅದು ಎರಡನೆಯ ಮದ್ದು. ಮೊದಲನೆಯದು ಏನೆಂಬುದು ಒಂದು ತಂಬಿಗೆ ಮತ್ತು ಅಡುಗೆಮನೆಯ ಉಷ್ಣಮಾಪಕದಿಂದ ತಿಳಿಯಿತು.

ಪರೀಕ್ಷೆ ತೀರ ಸರಳವಾದದ್ದು. ಮನೆಯವರು ಯಾರೂ ಎರಡು ಗಂಟೆ ನಲ್ಲಿ ಮುಟ್ಟದಂತೆ ನೋಡಿಕೊಂಡು, ಬಳಿಕ ಎರಡು ಲೀಟರಿನ ತಂಬಿಗೆಯಲ್ಲಿ ಒಂದಾದ ಮೇಲೊಂದರಂತೆ ನೀರು ಹಿಡಿದು, ಪ್ರತಿ ತಂಬಿಗೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳಬೇಕು. ನಮ್ಮಲ್ಲಿ ಮೊದಲ ತಂಬಿಗೆಯ ನೀರು 36 ಡಿಗ್ರಿ ಇತ್ತು. ಎರಡನೆಯದು ಒಮ್ಮೆಲೇ 50 ದಾಟಿತು, ಮೂರು ಮತ್ತು ನಾಲ್ಕನೆಯವು 57ರ ಆಸುಪಾಸು ನಿಂತವು. ಆರನೆಯದರ ಹೊತ್ತಿಗೆ ಇಳಿಯತೊಡಗಿ, ಎಂಟನೆಯದರಿಂದ ಮುಂದೆ ಎಷ್ಟು ಹಿಡಿದರೂ 39 ಡಿಗ್ರಿಯಲ್ಲೇ ಉಳಿಯಿತು. ಈ ಏರಿಳಿತವೇ ಪೈಪಿನ ದಾರಿಯ ನಕಾಶೆ. ಮೊದಲು ಬಂದದ್ದು ಗೋಡೆಯೊಳಗೆ ನೆರಳಿನಲ್ಲಿ ನಿಂತಿದ್ದ ನೀರು. ನಡುವೆ ಬಂದ ಹತ್ತು ಲೀಟರಿನಷ್ಟು ಸುಡುನೀರು ತಾರಸಿಯ ಮೇಲೆ ಬಿಸಿಲಿನಲ್ಲಿ ಮಲಗಿದ್ದ ಪೈಪಿನದು. ಕೊನೆಗೆ ಸ್ಥಿರವಾಗಿ ಬಂದದ್ದು ಟ್ಯಾಂಕಿನದು. ಮನೆಯವರೆಲ್ಲ ಬಯ್ಯುತ್ತಿದ್ದದ್ದು ಟ್ಯಾಂಕನ್ನು, ಕೈ ಸುಡುತ್ತಿದ್ದದ್ದು ಮಾತ್ರ ಪೈಪು.

ಒಂದು ಇಂಚಿನ ಪೈಪಿನಲ್ಲಿ ಪ್ರತಿ ಮೀಟರಿಗೆ ಸುಮಾರು ಅರ್ಧ ಲೀಟರ್ ನೀರು ನಿಲ್ಲುತ್ತದೆ. ನಮ್ಮ ತಾರಸಿಯಲ್ಲಿ ಹಾಗೆ ಬಿಸಿಲಿಗೆ ತೆರೆದುಕೊಂಡಿದ್ದ ಪೈಪು 20 ಮೀಟರ್ ಇತ್ತು, ಅಂದರೆ ಸರಿಸುಮಾರು 10 ಲೀಟರ್. ಇಷ್ಟು ಉದ್ದವಾಗಲು ಕಾರಣ ಹಲವು ಮನೆಗಳಲ್ಲಿ ಒಂದೇ: ವಾಸ್ತುವಿನಂತೆ ಟ್ಯಾಂಕನ್ನು ನೈರುತ್ಯ ಮೂಲೆಯಲ್ಲಿ ಕೂರಿಸುತ್ತಾರೆ, ಬಚ್ಚಲು ಎದುರಿನ ಮೂಲೆಯಲ್ಲಿರುತ್ತದೆ, ನಡುವಿನ ಅಂತರವನ್ನು ಪೈಪು ತಾರಸಿಯ ನೆಲದ ಮೇಲೆಯೇ ದಾಟುತ್ತದೆ.

ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಧೂಳು ಕೂತು ಬೂದುಬಣ್ಣಕ್ಕೆ ತಿರುಗಿದ ಪೈಪು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರುವುದರಿಂದ, ಮೀಟರ್ ಉದ್ದದ ಪೈಪಿಗೆ ಸೇರುವ ಶಾಖ ಹೆಚ್ಚುಕಡಿಮೆ 20 ವ್ಯಾಟ್. ಕೇಳಲು ಇದು ಚಿಕ್ಕದೆನಿಸಬಹುದು. ಆದರೆ ಅದು ಕಾಯಿಸಬೇಕಾದದ್ದು ಬರೀ ಅರ್ಧ ಲೀಟರ್ ನೀರನ್ನು. ಲೆಕ್ಕ ಹಾಕಿದರೆ ಆರಂಭದಲ್ಲಿ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ನೀರು ಬಿಸಿಯಾಗುತ್ತದೆ. ಪೈಪು ಕಾದಂತೆಲ್ಲ ಸುತ್ತಲಿನ ಗಾಳಿಗೆ ಶಾಖ ಬಿಟ್ಟುಕೊಡುವುದರಿಂದ ಏರಿಕೆ ನಿಧಾನವಾಗುತ್ತದೆ, ಆದರೂ ಒಂದೆರಡು ಗಂಟೆ ನಿಂತ ನೀರು 55 ದಾಟಲು ಇಷ್ಟು ಸಾಕು. ಪೈಪು ಕಾದ ಕಾಂಕ್ರೀಟಿಗೆ ತಾಗಿಕೊಂಡಿದ್ದರೆ ಕೆಳಗಿನಿಂದಲೂ ಶಾಖ ಸೇರುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಚಿಕ್ಕ ಮಕ್ಕಳನ್ನು ತೊಳೆಯುವವರು ಇದನ್ನು ಮರೆಯಬಾರದು.

ಸಾವಿರ ಲೀಟರಿನ ಟ್ಯಾಂಕಿನ ಕಥೆ ಬೇರೆ. ಅಷ್ಟು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಕಪ್ಪು ಟ್ಯಾಂಕು ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆರು ಯೂನಿಟ್ಟಿನಷ್ಟು ಶಾಖವನ್ನು ಉಳಿಸಿಕೊಂಡಿತೆಂದು ಅಂದಾಜಿಸಿದರೂ, ತುಂಬಿದ ಟ್ಯಾಂಕಿನ ನೀರು ಐದು ಡಿಗ್ರಿಯಷ್ಟೇ ಏರುತ್ತದೆ. ಅದೇ ಶಾಖ 400 ಲೀಟರಿಗೆ ಸೇರಿದರೆ ಏರಿಕೆ ಹನ್ನೆರಡು ಡಿಗ್ರಿ ದಾಟುತ್ತದೆ. ಅರೆಬರೆ ಖಾಲಿಯಾದ ಟ್ಯಾಂಕು ಹೆಚ್ಚು ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಿಸಿನೀರು ಹಗುರವಾದ್ದರಿಂದ ಮೇಲೆ ಪದರವಾಗಿ ನಿಲ್ಲುತ್ತದೆ, ಹೊರಹೋಗುವ ಪೈಪು ತಳದಲ್ಲಿರುವುದರಿಂದ ಮೊದಲು ಖರ್ಚಾಗುವುದು ತಂಪಾದ ನೀರು. ಬೆಳಗಿನ ಬಟ್ಟೆ, ಪಾತ್ರೆ, ಸ್ನಾನಗಳೆಲ್ಲ ಮುಗಿದ ಮೇಲೆ ಮಧ್ಯಾಹ್ನಕ್ಕೆ ಉಳಿಯುವುದು ಆ ಮೇಲಿನ ಪದರವೇ.

ಇಷ್ಟು ತಿಳಿದ ಮೇಲೆ ಬಹುತೇಕರಿಗೆ ಹೊಳೆಯುವ ಉಪಾಯವೆಂದರೆ ಎಸಿ ಪೈಪುಗಳಿಗೆ ಸುತ್ತುವ ಕಪ್ಪು ಫೋಮಿನ ಕೊಳವೆಯನ್ನು ನೀರಿನ ಪೈಪಿಗೂ ತೊಡಿಸುವುದು. ನಾನೂ ಅದನ್ನೇ ಮಾಡಿ ಒಂದು ಬೇಸಗೆ ಕಳೆದೆ. ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಏಕೆಂದರೆ ನಿರೋಧಕವು ಶಾಖವನ್ನು ತಡೆದು ನಿಲ್ಲಿಸುವುದಿಲ್ಲ, ತಡವಾಗಿಸುತ್ತದೆ ಅಷ್ಟೆ. ಎಷ್ಟು ತಡ ಎಂಬುದು ಒಳಗಿರುವ ನೀರಿನ ಪ್ರಮಾಣಕ್ಕೂ ಹೊರಮೈಯ ವಿಸ್ತಾರಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಒಂದು ಇಂಚಿನ ಪೈಪಿಗೆ 13 ಮಿಲಿಮೀಟರ್ ದಪ್ಪದ ಫೋಮ್ ಸುತ್ತಿದರೆ, ಒಳಗೂ ಹೊರಗೂ ಇರುವ ಉಷ್ಣತೆಯ ಅಂತರದ ಮೂರನೆಯ ಎರಡು ಭಾಗವು ಸುಮಾರು ಒಂದೂವರೆ ಗಂಟೆಯಲ್ಲಿ ಕರಗಿಹೋಗುತ್ತದೆ. ನಿಂತ ನೀರು ಮೂರು ಗಂಟೆಯೊಳಗೆ ಹೆಚ್ಚುಕಡಿಮೆ ಫೋಮಿನ ಹೊರಮೈಯಷ್ಟೇ ಬಿಸಿಯಾಗಿರುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಆ ಕಪ್ಪು ಹೊರಮೈಯಾದರೋ ಬರಿಯ ಪೈಪಿಗಿಂತ ಹೆಚ್ಚು ಕಾದಿರುತ್ತದೆ. ಮೇಲಾಗಿ ಬಿಸಿಲಿಗೆ ಫೋಮ್ ಬಿರುಕು ಬಿಡುತ್ತದೆ, ಕಾಗೆಗಳು ಅದನ್ನು ಕಿತ್ತು ಹಾಕುತ್ತವೆ.

ಅದೇ ಗುಣದ ವಸ್ತುವನ್ನು 25 ಮಿಲಿಮೀಟರ್ ದಪ್ಪಕ್ಕೆ ಸಾವಿರ ಲೀಟರಿನ ಟ್ಯಾಂಕಿಗೆ ಸುತ್ತಿದರೆ, ಅಷ್ಟೇ ಅಂತರ ಕರಗಲು ಆರು ದಿನಗಳು ಬೇಕಾಗುತ್ತವೆ. ಒಂದೂವರೆ ಗಂಟೆ ಎಲ್ಲಿ, ಆರು ದಿನ ಎಲ್ಲಿ! ಈ ಲೆಕ್ಕ ಮುಗಿಸಿದ ದಿನ ನಾನು ಪೈಪಿನ ಫೋಮನ್ನು ಬಿಚ್ಚಿಹಾಕಿದೆ. ಟ್ಯಾಂಕಿಗೆ ನಿರೋಧಕ ಸಾರ್ಥಕ, ಪೈಪಿಗೆ ಬೇಕಾದದ್ದು ನೆರಳು ಮತ್ತು ಬಿಸಿಲಿನಲ್ಲಿ ಚಿಕ್ಕ ದಾರಿ.

ನಾವು ದಾರಿಯನ್ನೇ ಬದಲಿಸಿದೆವು. ಟ್ಯಾಂಕಿನಿಂದ ಮೂರು ಮೀಟರ್ ದೂರದಲ್ಲಿ ಮೆಟ್ಟಿಲ ಮೇಲಿನ ಕೋಣೆಯಿತ್ತು. ಅದರ ಗೋಡೆಯಲ್ಲಿ ತೂತು ಕೊರೆದು ಪೈಪನ್ನು ಒಳಗೆ ತಂದು, ಮೆಟ್ಟಿಲ ಪಕ್ಕದಲ್ಲಿ ಇಳಿಸಿ, ನಡುಮನೆಯ ಹಿಂದಿನ ಓಣಿಯ ಚಾವಣಿಯ ಕೆಳಗಿನಿಂದ ಬಚ್ಚಲಿಗೆ ಒಯ್ದೆವು. ತಾರಸಿಯ ಸ್ಲ್ಯಾಬಿನಲ್ಲೇ ತೂತು ಹೊಡೆಯಬಹುದಿತ್ತು, ಆದರೆ ಕಂಬಿ ಕಡಿಯುವ ಅಪಾಯವೂ ಮಳೆಗಾಲದಲ್ಲಿ ಸೋರುವ ಭಯವೂ ಇದ್ದುದರಿಂದ ಗೋಡೆಯೇ ಮೇಲೆನಿಸಿತು. ಬಿಸಿಲಿನಲ್ಲಿ ಉಳಿದ ಪೈಪು ಮೂರು ಮೀಟರ್, ಅದರಲ್ಲಿ ನಿಲ್ಲುವ ನೀರು ಒಂದೂವರೆ ಲೀಟರ್.

ಹಾಗೆ ಒಳಗೆ ತರಲು ಅನುಕೂಲವಿಲ್ಲದ ಮನೆಗಳಲ್ಲಿ ಪೈಪನ್ನು ಪಡುವಣ ಪ್ಯಾರಪೆಟ್ಟಿನ ಒಳಮೈಗೆ, ನೆಲದಿಂದ ಒಂದು ಗೇಣು ಮೇಲೆ, ಕ್ಲಾಂಪ್ ಹಾಕಿ ಕೂರಿಸಬಹುದು. ಮಧ್ಯಾಹ್ನದ ಸೂರ್ಯ ಪಡುವಣಕ್ಕೆ ವಾಲಿದಂತೆ ಆ ಗೋಡೆಯೇ ಪೈಪಿಗೆ ನೆರಳಾಗುತ್ತದೆ. ಕೆಳಗಿಳಿಯುವ ಪೈಪಿಗೆ ಮೂಡಣ ಗೋಡೆಯ ಹೊರಮೈ ಒಳ್ಳೆಯದು, ಪಡುವಣದ್ದು ಬೇಡ. ತಾರಸಿಯನ್ನು ದಾಟಲೇಬೇಕಾದ ಕಡೆ ಪೈಪಿನ ಮೇಲೆ ಮೂಲೆಹೆಂಚುಗಳನ್ನು ಸಾಲಾಗಿ ಕವುಚಿ ಸುಣ್ಣ ಬಳಿದರೆ ಸಾಕು. ಎರಡು ತುದಿಗಳನ್ನು ಮುಚ್ಚದೆ ಬಿಟ್ಟರೆ ಒಳಗೆ ಗಾಳಿಯಾಡುತ್ತದೆ, ನೀರು ಗಾಳಿಯ ಉಷ್ಣತೆಯ ಆಸುಪಾಸಿಗೆ ನಿಲ್ಲುತ್ತದೆ. ಗಾಳಿಯೇ 42 ಡಿಗ್ರಿ ಇರುವ ದಿನ ಅದು ತಂಪೇನೂ ಅಲ್ಲ, ಆದರೆ ಕೈ ಸುಡುವುದಿಲ್ಲ.

ಉಳಿದದ್ದು ಟ್ಯಾಂಕಿನ 39 ಡಿಗ್ರಿ. ಇದಕ್ಕೆ ಖರ್ಚಿಲ್ಲದ ಮದ್ದು ಪಂಪು ಹಾಕುವ ಹೊತ್ತನ್ನು ಬದಲಿಸುವುದು. ನೆಲದಡಿಯ ಸಂಪಿನಲ್ಲಿ ನೀರು ಬೇಸಗೆಯಲ್ಲಿಯೂ 29 ಡಿಗ್ರಿಯ ಆಸುಪಾಸು ಇತ್ತು. ಬೆಳಗಿನ ಬಳಕೆ ಮುಗಿದು 400 ಲೀಟರ್ ಉಳಿದಿರುವಾಗ, ಅದು 36 ಡಿಗ್ರಿಗೆ ಏರಿದೆಯೆಂದುಕೊಳ್ಳಿ, ಹನ್ನೊಂದು ಗಂಟೆಗೆ 600 ಲೀಟರ್ ಸಂಪಿನ ನೀರು ಏರಿಸಿದರೆ ಬೆರಕೆಯ ಉಷ್ಣತೆ 32ಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಟ್ಯಾಂಕು ತುಂಬಿರುವುದರಿಂದ ಏರಿಕೆಯೂ ನಿಧಾನ. ನಸುಕಿನಲ್ಲಿ ಒಮ್ಮೆ ತುಂಬಿಸಿ ಸಂಜೆಯವರೆಗೆ ಪಂಪು ಮುಟ್ಟದಿರುವ ನಮ್ಮ ಹಳೆಯ ಅಭ್ಯಾಸ ಇದಕ್ಕೆ ತೀರ ಉಲ್ಟಾ ಆಗಿತ್ತು.

ನೆರಳಿನ ವಿಷಯದಲ್ಲಿ ಸೂರ್ಯನ ದಾರಿಯನ್ನು ಗಮನಿಸಬೇಕು. ಕಲಬುರಗಿಯಲ್ಲಿ ಮೇ 8ರ ಆಸುಪಾಸಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನಲ್ಲಿ ಸ್ವಲ್ಪ ಬಡಗಣಕ್ಕೇ ಇರುತ್ತಾನೆ. ಆದ್ದರಿಂದ ತೆಂಕಣಕ್ಕೆ ತಟ್ಟಿ ಕಟ್ಟುವುದು ಬೇಸಗೆಗೆ ವ್ಯರ್ಥ. ಮುಚ್ಚಬೇಕಾದದ್ದು ನೆತ್ತಿ, ಪಡುವಣ, ಮೂಡಣ. ನರ್ಸರಿಗಳಲ್ಲಿ ಬಳಸುವ ಹಸಿರು ಶೇಡ್ ನೆಟ್ಟನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಟ್ಯಾಂಕಿಗಿಂತ ಒಂದಡಿ ದೂರ ನಿಲ್ಲಿಸಬೇಕು. ಮೈಗೆ ತಾಗಿಸಿ ಸುತ್ತಿದರೆ ನೆಟ್ಟು ಕಾದು ಆ ಶಾಖವನ್ನು ಟ್ಯಾಂಕಿಗೇ ದಾಟಿಸುತ್ತದೆ. ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಗೆ ಹರಿಯದಂತೆ ಅಂಚುಗಳನ್ನು ಮಡಿಸಿ ಹೊಲಿಸುವುದು ಅಗತ್ಯ, ನಮ್ಮ ಮೊದಲ ನೆಟ್ಟು ಒಂದೇ ರಾತ್ರಿಗೆ ಚಿಂದಿಯಾಯಿತು. ನಿರೋಧಕ ಹೊದಿಸುವವರು ಮುಚ್ಚಳ ತೆಗೆಯಲು ಜಾಗ ಬಿಡಬೇಕು, ಓವರ್‌ಫ್ಲೋ ಪೈಪಿನ ಬಾಯಿ ಮುಚ್ಚಬಾರದು. ಪ್ಲಾಸ್ಟಿಕ್ ಟ್ಯಾಂಕಿಗೆ ನೇರವಾಗಿ ಬಳಿದ ಸುಣ್ಣವಾಗಲಿ ಬಣ್ಣವಾಗಲಿ ಬಹುಕಾಲ ಅಂಟಿ ನಿಲ್ಲುವುದಿಲ್ಲ. ಬಿಳಿ ಟ್ಯಾಂಕನ್ನೇ ಕೊಳ್ಳುವವರು ಬೆಳಕು ಒಳಗೆ ಹಾಯದಂತೆ ಒಳಪದರ ಕಪ್ಪಗಿದೆಯೇ ಎಂದು ಮುಚ್ಚಳ ತೆಗೆದು ನೋಡಬೇಕು. ಬೆಳಕು ಹಾಯ್ದರೆ ಪಾಚಿ ಕಟ್ಟುತ್ತದೆ.

ಒದ್ದೆ ಗೋಣಿಚೀಲ ಹೊದಿಸುವ ಹಳೆಯ ಉಪಾಯವೂ ಒಣಹವೆಯ ಈ ಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಚೀಲದಿಂದ ಆವಿಯಾಗುವ ಎರಡು ಲೀಟರ್ ನೀರು ತನ್ನೊಡನೆ ಒಯ್ಯುವ ಶಾಖವು ಸಾವಿರ ಲೀಟರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಣಿಸುವಷ್ಟಿರುತ್ತದೆ, ಆ ಶಾಖವಷ್ಟೂ ಟ್ಯಾಂಕಿನಿಂದಲೇ ಬಂದರೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದರಿಂದ ಅಷ್ಟು ಫಲವಿಲ್ಲ. ನಮ್ಮಲ್ಲಿ ಗಂಟೆಗೊಮ್ಮೆ ಮೇಲೆ ಹತ್ತಿ ನೀರು ಚಿಮುಕಿಸುವವರು ಸಿಗದ ಕಾರಣ ಅದನ್ನು ಕೈಬಿಟ್ಟೆವು.

ಮರುವರ್ಷದ ಏಪ್ರಿಲ್ಲಿನಲ್ಲಿ ಅದೇ ಹೊತ್ತಿಗೆ ಅದೇ ತಂಬಿಗೆಯಲ್ಲಿ ಮತ್ತೆ ಹಿಡಿದು ನೋಡಿದೆ. ಒಳಗಿನ ಪೈಪಿನ ಉದ್ದ ಹೆಚ್ಚಿದ್ದರಿಂದ ಮೊದಲ ಐದಾರು ತಂಬಿಗೆಗಳು 34 ಡಿಗ್ರಿಯವು. ಆಮೇಲೆ ಒಂದೇ ಒಂದು ತಂಬಿಗೆ 44ಕ್ಕೆ ಏರಿತು, ಅದು ಟ್ಯಾಂಕಿನ ಬುಡದ ಮೂರು ಮೀಟರಿನದು. ಅದರ ಹಿಂದೆ ಬಂದ ಟ್ಯಾಂಕಿನ ನೀರು 33 ಇತ್ತು. ಆ ಮೂರು ಮೀಟರಿನ ಮೇಲೆ ಹೆಂಚು ಕವುಚುವ ಕೆಲಸ ಇನ್ನೂ ಬಾಕಿ ಇದೆ.