ಅಡುಗೆಮನೆಯ ಕ್ಲಾಗ್: ಎಣ್ಣೆ ತಡೆಯುವುದು ಬೇರೆ, ಜಾರದಿರುವುದು ಬೇರೆ

ಅಡುಗೆಮನೆಯಲ್ಲಿ ಕಾಲು ತೂರಿಸಿ ಹಾಕುವ ದಪ್ಪ ಅಡಿಯ ಪಾದರಕ್ಷೆಯೇ ಕ್ಲಾಗ್. ಅದರ ಅಡಿಯಲ್ಲಿ ‘ಎಫ್‌ಓ’ ಎಂದು ಅಚ್ಚಾಗಿದ್ದರೆ ಎಣ್ಣೆ ಬಿದ್ದ ನೆಲದಲ್ಲಿ ಜಾರುವುದಿಲ್ಲ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಅಡಿಭಾಗದ ಸೋಲ್‌ನ ತುಂಡನ್ನು ಪೆಟ್ರೋಲಿನಂಥ ದ್ರವದಲ್ಲಿ ನೆನೆಸಿಡುತ್ತಾರೆ. ಅದು ಶೇ 12ಕ್ಕಿಂತ ಹೆಚ್ಚು ಉಬ್ಬದಿದ್ದರೆ ಈ ಗುರುತು ಸಿಗುತ್ತದೆ. ಅಂದರೆ ಎಣ್ಣೆಗೆ ಸೋಲ್ ಬೇಗ ಹಾಳಾಗುವುದಿಲ್ಲ, ಅಷ್ಟೇ. ಜಾರುವುದನ್ನು ಅಲ್ಲಿ ಅಳೆಯುವುದೇ ಇಲ್ಲ.

ಅದಕ್ಕೆ ಬೇರೆ ಗುರುತಿದೆ. ಹಳೆಯ ಜೋಡಿಗಳಲ್ಲಿ ‘ಎಸ್‌ಆರ್‌ಸಿ’ ಎಂದಿರುತ್ತದೆ: ಸೋಪುನೀರಿನ ಟೈಲ್ಸ್ ಮೇಲೆ, ಗ್ಲಿಸರಿನ್ ಹಚ್ಚಿದ ಉಕ್ಕಿನ ಮೇಲೆ, ಎರಡರಲ್ಲೂ ಪಾಸು. ಕೆಲಸದ ಪಾದರಕ್ಷೆಗಳ ಯುರೋಪಿಯನ್ ಮಾನದಂಡದ 2022ರ ಪರಿಷ್ಕರಣೆಯ ಪ್ರಕಾರ ಬರುವವುಗಳಲ್ಲಿ ‘ಎಸ್‌ಆರ್’ ಹುಡುಕಿ. ಇದು ಗ್ಲಿಸರಿನ್ ಹಚ್ಚಿದ ಟೈಲ್ಸ್ ಮೇಲಿನ ಪರೀಕ್ಷೆ, ನಮ್ಮ ಜಿಡ್ಡು ನೆಲಕ್ಕೆ ಹತ್ತಿರದ್ದು. ಕಾವಲಿ ಮುಂದೆ ನಿಲ್ಲುವವರಿಗೆ ಎಫ್‌ಓ ಜೊತೆ ಇದೂ ಬೇಕು.

ಗುರುತಿದ್ದೂ ಜಾರುವುದುಂಟು. ಕಾರವಾರದ ಹೋಟೆಲಿನಲ್ಲಿ ಬಂಗುಡೆ ರವಾ ಫ್ರೈ ಮಾಡುವ ಜಾಗ ನೋಡಿ. ಸಿಡಿದ ಎಣ್ಣೆ, ಉದುರಿದ ರವೆ, ಮೀನು ತೊಳೆದ ನೀರು ಸೇರಿ ಸೋಲಿನ ಗೀರುಗಳಲ್ಲಿ ಕಣಕದ ಹಾಗೆ ಮೆತ್ತಿಕೊಳ್ಳುತ್ತವೆ. ಕಾಲಡಿಯ ದ್ರವ ಪಕ್ಕಕ್ಕೆ ಹರಿದುಹೋಗಲೆಂದೇ ಆ ಗೀರುಗಳಿರುವುದು. ಅವು ತುಂಬಿದರೆ ಹೊಸ ಕ್ಲಾಗೂ ಸವೆದದ್ದರಂತೆಯೇ. ಬೆಳಿಗ್ಗೆ ಹಿಡಿತವಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಜಾರತೊಡಗಿದರೆ ಮೊದಲು ಅಡಿಯನ್ನು ತಿರುಗಿಸಿ ನೋಡಬೇಕು.

ಶಿರಸಿಯ ಚಳಿಗಾಲದಲ್ಲಿ ಇನ್ನೊಂದು ತೊಂದರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಗೀರುಗಳಲ್ಲಿ ಬಿಳಿ ಮೇಣದಂತೆ ಕೂತಿರುತ್ತದೆ. ತಣ್ಣೀರಿನಲ್ಲಿ ತಿಕ್ಕಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಕೈ ತಾಳುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಗಟ್ಟಿ ಬ್ರಷ್ಷಿನಿಂದ ಗೀರಿನ ಉದ್ದಕ್ಕೇ ಉಜ್ಜಬೇಕು. ಕುದಿನೀರು ಬೇಡ, ಇವಿಎ ಎಂಬ ಹಗುರ ಫೋಮಿನ ಕ್ಲಾಗ್ ಮೆತ್ತಗಾಗಿ ಆಕಾರ ಕೆಡುತ್ತದೆ.

ಬಿಸಿ ಚೆಲ್ಲುವ ಕಡೆ ಮೇಲ್ಭಾಗದಲ್ಲಿ ಒಂದೂ ತೂತಿರಬಾರದು. ಪ್ಯಾಂಟಿನ ತುದಿ ಕ್ಲಾಗ್‌ನ ಹೊರಗೆ ಇಳಿಬಿದ್ದಿರಲಿ. ಒಳಗೆ ಸಿಕ್ಕಿಸಿದರೆ ಎಣ್ಣೆ ನೇರ ಪಾದಕ್ಕೇ ಇಳಿಯುತ್ತದೆ. ಕಾಲುಚೀಲ ಹತ್ತಿಯದ್ದು, ನೈಲಾನ್ ಕರಗಿ ಚರ್ಮಕ್ಕೆ ಅಂಟಬಹುದು. ಎಣ್ಣೆ ಒಳಹೊಕ್ಕರೆ ಕ್ಲಾಗನ್ನು ತಕ್ಷಣ ಒದರಿ ತೆಗೆದು, ಕಾಲುಚೀಲ ಅಂಟಿರದಿದ್ದರೆ ಅದನ್ನೂ ತೆಗೆದು, 20 ನಿಮಿಷ ಹರಿಯುವ ತಣ್ಣೀರಿನಡಿ ಪಾದ ಹಿಡಿಯಬೇಕು. ಅಂಟಿದ್ದರೆ ಎಳೆಯದೆ ಅದರ ಮೇಲೆಯೇ ನೀರು ಬಿಡಬೇಕು.

ದಿನವಿಡೀ ನಿಲ್ಲುವವರು ಅಳತೆಯನ್ನು ಸಂಜೆ ನೋಡಬೇಕು, ಆಗ ಪಾದ ಊದಿರುತ್ತದೆ. ನಡೆಯುವಾಗ ಹಿಮ್ಮಡಿ ತುಸು ಮೇಲೇಳುವುದು ಸರಿಯೇ. ಕ್ಲಾಗ್ ಕಳಚದಂತೆ ಬೆರಳು ಮುದುಡಿ ಹಿಡಿಯಬೇಕಾದರೆ ಅದು ಸಡಿಲ, ಅದರಿಂದ ಮೀನಖಂಡ ನೋಯಬಹುದು. ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಫೋಮ್ ಮರಳಿ ಏಳದಿದ್ದರೆ, ಸೋಲ್ ಚೆನ್ನಾಗಿದ್ದರೂ ಒಳಅಟ್ಟೆಯನ್ನಾದರೂ ಬದಲಿಸಬೇಕು.