2,500 ರೂಪಾಯಿಯ ಗೆರೆ: ಬಟ್ಟೆಯ ಮೇಲಿನ ಜಿಎಸ್‌ಟಿ ಟಿಪ್ಪಣಿ

ಜಿಎಸ್‌ಟಿಯಲ್ಲಿ ಹೆಚ್ಚಿನ ಸರಕುಗಳಿಗೆ ವರ್ಗ ಗೊತ್ತಾದರೆ ದರವೂ ಗೊತ್ತಾಗುತ್ತದೆ. ಸಿದ್ಧ ಉಡುಪಿಗೆ ಅಷ್ಟು ಸಾಲದು, ಬೆಲೆಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ತೆರಿಗೆ ಶೇ. 5, ದಾಟಿದರೆ ಶೇ. 18. ಅದಕ್ಕೂ ಮುಂಚೆ ಈ ಗೆರೆ 1,000 ರೂಪಾಯಿಯಲ್ಲಿತ್ತು, ದರ ಶೇ. 5 ಮತ್ತು 12.

ಮೊದಲು ವರ್ಗ ನೋಡೋಣ. ಹೊಲಿಯದ ಸೀರೆಯನ್ನು ಸಿದ್ಧ ಉಡುಪು ಎಂದಲ್ಲ, ಬರೀ ಬಟ್ಟೆ ಎಂದು ಪರಿಗಣಿಸುತ್ತಾರೆ. ಬಟ್ಟೆಗೆ ಬೆಲೆಯ ಗೆರೆಯೇ ಇಲ್ಲ. ಹಾಗಾಗಿ 20,000 ರೂಪಾಯಿಯ ಮೈಸೂರು ರೇಷ್ಮೆ ಸೀರೆಗೆ ಶೇ. 5, ಪಕ್ಕದಲ್ಲೇ ತೂಗುಹಾಕಿದ 2,600 ರೂಪಾಯಿಯ ಕುರ್ತಾಕ್ಕೆ ಶೇ. 18. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೆ ನಿಯಮ ಇರುವುದು ಹೀಗೇ.

ಈಗ ಗೆರೆಯ ವಿಷಯ. ಆದಾಯ ತೆರಿಗೆ ಕಲಿತವರು ಇಲ್ಲಿ ಎಡವುವುದು ಜಾಸ್ತಿ. ಅಲ್ಲಿ ಗೆರೆ ದಾಟಿದ ಭಾಗಕ್ಕೆ ಮಾತ್ರ ಮೇಲಿನ ದರ. ಇಲ್ಲಿ ಹಾಗಲ್ಲ, ಪೂರ್ತಿ ಬೆಲೆಗೇ ಮೇಲಿನ ದರ ಬೀಳುತ್ತದೆ. 2,500ರ ಕುರ್ತಾಕ್ಕೆ ತೆರಿಗೆ 125, ಬಿಲ್ 2,625. ಬೆಲೆ 2,501 ಆದರೆ ತೆರಿಗೆ ಸುಮಾರು 450, ಬಿಲ್ 2,951. ಅಂಗಡಿಯವರಿಗೆ ಸಿಕ್ಕಿದ್ದು ಒಂದೇ ರೂಪಾಯಿ ಹೆಚ್ಚು, ನಮ್ಮ ಜೇಬಿನಿಂದ ಹೋಗಿದ್ದು 326.

ಇದರಿಂದ ಇನ್ನೊಂದು ವಿಚಿತ್ರವೂ ಹುಟ್ಟುತ್ತದೆ. ತೆರಿಗೆ ಸೇರಿ 2,800 ತೆಗೆದುಕೊಂಡರು ಅಂದುಕೊಳ್ಳಿ. ಶೇ. 18 ಕಳೆದರೆ ಮೂಲ ಬೆಲೆ ಸುಮಾರು 2,373. ಅದು ಗೆರೆಯ ಕೆಳಗಿದೆ, ಹಾಗಾಗಿ ಶೇ. 5 ಆಗಬೇಕಿತ್ತು. ಶೇ. 5 ಕಳೆದರೆ ಸುಮಾರು 2,667, ಅದು ಗೆರೆಯ ಮೇಲಿದೆ. ಯಾವುದೂ ಹೊಂದುವುದಿಲ್ಲ, ಅಲ್ವಾ? ಒಂದು ಉಡುಪಿಗೆ 2,625 ಮತ್ತು 2,951ರ ನಡುವಿನ ಮೊತ್ತ ಕಂಡರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಹೀಗೆ ತಪ್ಪುವುದು ರಿಯಾಯಿತಿ ಇದ್ದಾಗ. ಗೆರೆಗೆ ಹೋಲಿಸಬೇಕಾದ್ದು ಚೀಟಿಯಲ್ಲಿ ಅಚ್ಚಾದ ಎಂಆರ್‌ಪಿಯನ್ನಲ್ಲ. ಬಿಲ್‌ನಲ್ಲೇ ತೋರಿಸಿದ ರಿಯಾಯಿತಿ ಕಳೆದು, ತೆರಿಗೆ ಸೇರಿಸುವ ಮುಂಚೆ ಉಳಿಯುವ ಬೆಲೆಯನ್ನು. ತೆರಿಗೆ ಬಿಟ್ಟು 2,600 ಇರುವ ಕುರ್ತಾಕ್ಕೆ ಬಿಲ್ 3,068. ಶೇ. 10 ರಿಯಾಯಿತಿ ಕೊಟ್ಟರೆ ಬೆಲೆ 2,340ಕ್ಕೆ ಇಳಿಯುತ್ತದೆ, ದರವೂ ಶೇ. 5ಕ್ಕೆ ಇಳಿಯುತ್ತದೆ. ಬಿಲ್ 2,457. ರಿಯಾಯಿತಿ 260, ಉಳಿತಾಯ 611! ಬಿಲ್ಲಿಂಗ್ ಯಂತ್ರದಲ್ಲಿ ರಿಯಾಯಿತಿಗೆ ಮುಂಚಿನ ಶೇ. 18ರ ದರವೇ ಕೂತಿದ್ದರೆ 2,761 ಬರುತ್ತದೆ, ಸುಮ್ನೆ 304 ರೂಪಾಯಿ ಜಾಸ್ತಿ ಕೊಟ್ಟಂತೆ.

ಬಿಲ್ ಕೈಗೆ ಬಂದಾಗ ಕೇಂದ್ರದ ಪಾಲಾದ ಸಿಜಿಎಸ್‌ಟಿ, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಎರಡನ್ನೂ ಕೂಡಿಸಿ ನೋಡಿ. ಎರಡೂವರೆ ಮತ್ತು ಎರಡೂವರೆ ಇದ್ದರೆ ಶೇ. 5, ಒಂಬತ್ತು ಮತ್ತು ಒಂಬತ್ತು ಇದ್ದರೆ 18. ಬಿಲ್‌ನ ಒಟ್ಟು ಮೊತ್ತ ಗೆರೆ ದಾಟಿತೆಂದು ಗಾಬರಿ ಬೇಡ. 900 ರೂಪಾಯಿಯ ಮೂರು ಅಂಗಿ ಕೊಂಡರೂ ಪ್ರತಿಯೊಂದಕ್ಕೂ ಶೇ. 5 ಮಾತ್ರ, ಏಕೆಂದರೆ ಗೆರೆ ಇರುವುದು ಒಂದೊಂದು ಉಡುಪಿಗೆ. ಚಪ್ಪಲಿ, ಶೂಗೂ ಇದೇ 2,500ರ ಗೆರೆ, ಅಲ್ಲಿ ಲೆಕ್ಕ ಜೋಡಿಗೆ.