ಒಂದೇ ಮಣ್ಣು, ಎರಡು ಯಂತ್ರ, ಮೂರು ಉತ್ತರ

ದಕ್ಷಿಣ ಕನ್ನಡದಲ್ಲಿ ರಸ್ತೆಗಾಗಿ ಗುಡ್ಡ ಕಡಿಯುವುದನ್ನು ನೋಡಿದವರಿಗೆ ಶೇಡಿ ಮಣ್ಣು ಹೊಸದಲ್ಲ. ಮೇಲಿರುವ ಗಟ್ಟಿ ಮುರಕಲ್ಲಿನ ಪದರಕ್ಕೂ ಆಳದ ಬಂಡೆಗೂ ನಡುವೆ, ಬಿಳಿ, ಗುಲಾಬಿ, ಹಳದಿ ಬಣ್ಣಗಳಲ್ಲಿ ಕಾಣುವ ಈ ನುಣುಪಾದ ಮಣ್ಣು ಮಾರ್ಚ್ ತಿಂಗಳಿನಲ್ಲಿ ಗೋಡೆಯಂತೆ ಲಂಬವಾಗಿ ನಿಲ್ಲುತ್ತದೆ, ಜುಲೈ ತಿಂಗಳಿನಲ್ಲಿ ಅದೇ ಗೋಡೆ ಗಂಜಿಯಂತೆ ಕುಸಿದು ರಸ್ತೆಗೆ ಬರುತ್ತದೆ. ಇಂತಹ ಕಡಿತದ ಇಳಿಜಾರನ್ನು ವಿನ್ಯಾಸ ಮಾಡುವ ಎಂಜಿನಿಯರ್‌ನ ಮೇಜಿನ ಮೇಲೆ ಮಣ್ಣು ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಸಾಮಾನ್ಯವಾಗಿ ಎರಡು ಕೋಷ್ಟಕಗಳಿರುತ್ತವೆ. ಒಂದು ಡೈರೆಕ್ಟ್ ಶಿಯರ್ ಪರೀಕ್ಷೆಯದು, ಇನ್ನೊಂದು ಟ್ರೈಆಕ್ಸಿಯಲ್ ಪರೀಕ್ಷೆಯದು. ಎರಡರಲ್ಲೂ ಅಂಟುಬಲ ಮತ್ತು ಘರ್ಷಣ ಕೋನ ಎಂಬ ಅವೇ ಎರಡು ಅಳತೆಗಳಿದ್ದರೂ ಸಂಖ್ಯೆಗಳು ಮಾತ್ರ ಹೊಂದುವುದಿಲ್ಲ.

ಆಗ ನಡೆಯುವ ಮೂರು ತಪ್ಪುಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕೆಲವರು ಎರಡರ ಸರಾಸರಿ ತೆಗೆಯುತ್ತಾರೆ. ಕೆಲವರು, ದುಬಾರಿ ಯಂತ್ರ ಸುಳ್ಳು ಹೇಳಲಾರದು ಎಂಬ ನಂಬಿಕೆಯಿಂದ, ಟ್ರೈಆಕ್ಸಿಯಲ್ ಹೇಳಿದ್ದನ್ನು ಒಪ್ಪಿಕೊಳ್ಳುತ್ತಾರೆ. ಉಳಿದವರು ಕಡಿಮೆ ಬಂದದ್ದನ್ನು ಹಿಡಿದರೆ ಅಪಾಯವಿಲ್ಲ ಎಂದುಕೊಳ್ಳುತ್ತಾರೆ. ಈ ಮೂರೂ ದಾರಿಗಳು, ಎರಡು ಯಂತ್ರಗಳು ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಿವೆ ಎಂಬ ಊಹೆಯ ಮೇಲೆ ನಿಂತಿವೆ. ಬಹುತೇಕ ಸಂದರ್ಭಗಳಲ್ಲಿ ಅವು ಕೊಟ್ಟಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಮತ್ತು ಆ ಪ್ರಶ್ನೆಗಳನ್ನು ಬೇರೆಯಾಗಿಸಿದ್ದು ಯಂತ್ರವಲ್ಲ, ಮಣ್ಣಿನೊಳಗಿನ ನೀರು.

ಡೈರೆಕ್ಟ್ ಶಿಯರ್ ಪರೀಕ್ಷೆ ಹಳೆಯ ಕಲ್ಪನೆಯ ನೇರ ರೂಪ. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಬಂದ ಫ್ರೆಂಚ್ ಸೇನಾ ಎಂಜಿನಿಯರ್ ಕೂಲಂಬ್, 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಮಣ್ಣು ಒಂದು ತಲದ ಮೇಲೆ ಜಾರುವಾಗ ಅದನ್ನು ತಡೆಯುವುದು ಅಂಟುಬಲ ಮತ್ತು ಘರ್ಷಣೆ ಎಂಬ ಎರಡು ಭಾಗಗಳು ಎಂದಿದ್ದರು. 60 ಮಿ.ಮೀ. ಚದರದ, ಅಡ್ಡಲಾಗಿ ಎರಡು ಹೋಳಾದ ಪೆಟ್ಟಿಗೆಯಲ್ಲಿ ಮಣ್ಣನ್ನು ಇಟ್ಟು, ಮೇಲಿಂದ ಭಾರ ಹೇರಿ, ಒಂದು ಹೋಳನ್ನು ಇನ್ನೊಂದರ ಮೇಲೆ ಸರಿಸಿದರೆ ಆ ಮಾತು ಕಣ್ಣಿಗೇ ಕಾಣುತ್ತದೆ. ಆದರೆ ಮಣ್ಣು ಎಲ್ಲಿ ತುಂಡಾಗಬೇಕೆಂಬುದನ್ನು ಇಲ್ಲಿ ಪೆಟ್ಟಿಗೆಯೇ ನಿರ್ಧರಿಸುತ್ತದೆ, ಅಲ್ಲದೆ ಒಳಗಿನ ನೀರಿನ ಒತ್ತಡ ಎಷ್ಟೆಂದು ತಿಳಿಯುವ ದಾರಿಯಿಲ್ಲ. ಈ ಕೊರತೆಗಳಿಂದ ಅತೃಪ್ತರಾಗಿಯೇ 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆರ್ಥರ್ ಕಸಾಗ್ರಾಂಡೆ ಅವರು ಟ್ರೈಆಕ್ಸಿಯಲ್ ಪರೀಕ್ಷೆಯ ಕಡೆ ತಿರುಗಿದರು. ಇದರಲ್ಲಿ 38 ಮಿ.ಮೀ. ವ್ಯಾಸ, 76 ಮಿ.ಮೀ. ಎತ್ತರದ ಮಣ್ಣಿನ ಕಂಬಕ್ಕೆ ರಬ್ಬರ್ ಪೊರೆ ತೊಡಿಸಿ, ಸುತ್ತಲೂ ನೀರಿನ ಒತ್ತಡ ಕೊಟ್ಟು, ಮೇಲಿಂದ ಒತ್ತುತ್ತಾರೆ. ಕಂಬ ತನಗೆ ಬೇಕಾದ ಓರೆಯಲ್ಲಿ ತಾನೇ ಒಡೆಯುತ್ತದೆ. ನೀರನ್ನು ಹೊರಬಿಡಬಹುದು, ಅಥವಾ ಒಳಗೇ ತಡೆದು ಅದರ ಒತ್ತಡವನ್ನು ಅಳೆಯಬಹುದು.

ನೀರಿನ ಈ ವಿಷಯವನ್ನು ನಾನು ಸ್ವಲ್ಪ ಎಳೆದು ಹೇಳುತ್ತೇನೆ, ಏಕೆಂದರೆ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಗಾಳಿ ಹೀರಿ ತೆಗೆದು ಮುಚ್ಚಿದ ಕಾಫಿ ಪುಡಿಯ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ಒಂದು ಸೂಜಿ ಚುಚ್ಚಿದರೆ ಅದೇ ಪುಡಿ, ಅದೇ ಪೊಟ್ಟಣ, ಕೈಯಲ್ಲಿ ಮೆತ್ತಗಾಗುತ್ತದೆ. ಪುಡಿಯ ಕಣಗಳ ಒರಟುತನ ಬದಲಾಗಲಿಲ್ಲ, ಕಣಗಳನ್ನು ಒಂದಕ್ಕೊಂದು ಅದುಮುತ್ತಿದ್ದ ಒತ್ತಡ ಮಾತ್ರ ಹೋಯಿತು. ಮಣ್ಣಿನಲ್ಲೂ ಘರ್ಷಣೆ ಹುಟ್ಟುವುದು ಹೊರಗಿನ ಒತ್ತಡದಿಂದಲ್ಲ, ಅದರಿಂದ ಒಳಗಿನ ನೀರಿನ ಒತ್ತಡವನ್ನು ಕಳೆದು ಉಳಿದದ್ದರಿಂದ. ಇನ್ನೊಂದು ಕಡೆಯಿಂದ ನೋಡಬೇಕೆಂದರೆ ಪಣಂಬೂರಿನ ಕಡಲತೀರಕ್ಕೆ ಹೋಗಬಹುದು. ತೇವದ ಮರಳಿನಲ್ಲಿ ಮಕ್ಕಳು ಕಟ್ಟಿದ ಗೋಡೆ ನೆಟ್ಟಗೆ ನಿಲ್ಲುವುದು ಕಣಗಳ ನಡುವಿನ ಅಲ್ಪ ನೀರು ಅವುಗಳನ್ನು ಒಳಕ್ಕೆ ಎಳೆದು ಹಿಡಿಯುವುದರಿಂದ. ಅಲೆ ಬಂದು ಮರಳು ಪೂರ್ತಿ ನೆನೆದ ಕ್ಷಣದಲ್ಲಿ ಆ ಎಳೆತ ಮಾಯವಾಗಿ ಗೋಡೆ ಕರಗುತ್ತದೆ. ಮಾರ್ಚ್ ತಿಂಗಳಿನ ಶೇಡಿ ಮಣ್ಣು ತೇವದ ಮರಳಿನ ಗೋಡೆ, ಜುಲೈ ತಿಂಗಳಿನದು ಚುಚ್ಚಿದ ಪೊಟ್ಟಣ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಸಂಖ್ಯೆಗಳು ವಿವರಣೆಗಾಗಿ ನಾನು ಜೋಡಿಸಿಕೊಂಡವು, ಆದರೆ ಇಂತಹ ಮಣ್ಣಿನ ವರದಿಗಳಲ್ಲಿ ಅಚ್ಚರಿ ಹುಟ್ಟಿಸುವಂಥವಲ್ಲ. ಎಂಟು ಮೀಟರ್ ಎತ್ತರದ ಕಡಿತದಿಂದ ಬೇಸಗೆಯಲ್ಲಿ ತಂದ ಮಾದರಿಯನ್ನು, ನೆನೆಸದೆ, ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಡೈರೆಕ್ಟ್ ಶಿಯರ್ ಪೆಟ್ಟಿಗೆಯಲ್ಲಿ ಸರಿಸಿದ್ದಾರೆ. 50, 100, 200 ಕಿಲೋಪಾಸ್ಕಲ್ ಭಾರಕ್ಕೆ 60, 89, 147 ಕಿಲೋಪಾಸ್ಕಲ್ ಪ್ರತಿರೋಧ ಬಂದಿದೆ. ಇವನ್ನು ನೇರ ರೇಖೆಯಲ್ಲಿ ಜೋಡಿಸಿದರೆ, ಭಾರ ಸೊನ್ನೆಯಾದಲ್ಲಿ ಉಳಿಯುವ ಪ್ರತಿರೋಧ, ಅಂದರೆ ಅಂಟುಬಲ, 31 ಕಿಲೋಪಾಸ್ಕಲ್; ರೇಖೆಯ ಓರೆ, ಅಂದರೆ ಘರ್ಷಣ ಕೋನ, 30 ಡಿಗ್ರಿ. ಇನ್ನೊಂದೆಡೆ, ನೆನೆಸಿ, ಭಾರದಲ್ಲಿ ಕುಗ್ಗಿಸಿ, ನೀರನ್ನು ಒಳಗೇ ತಡೆದು ಒತ್ತಿದ ಟ್ರೈಆಕ್ಸಿಯಲ್ ಕಂಬವೊಂದರಲ್ಲಿ ಸುತ್ತಲಿನ ಒತ್ತಡ 100, ಒಡೆಯುವಾಗ ಮೇಲಿನ ಹೆಚ್ಚುವರಿ ಒತ್ತಡ 130, ಒಳಗಿನ ನೀರಿನ ಒತ್ತಡ 40 ಕಿಲೋಪಾಸ್ಕಲ್ ಎಂದು ದಾಖಲಾಗಿದೆ.

ಈ ಒಂದೇ ಕಂಬದಿಂದ ಎರಡು ಕೋನಗಳು ಹುಟ್ಟುತ್ತವೆ. ಅಂಟುಬಲ ಇಲ್ಲವೆಂದು ಸದ್ಯಕ್ಕೆ ಒಪ್ಪಿಕೊಂಡು, ನೀರನ್ನು ಲೆಕ್ಕಿಸದೆ ಹೋದರೆ ದೊಡ್ಡ ಒತ್ತಡ 230, ಚಿಕ್ಕದು 100, ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಕೋನದ ಸೈನ್ ಬೆಲೆ 0.39, ಅಂದರೆ ಕೋನ 23 ಡಿಗ್ರಿ. ಎರಡರಿಂದಲೂ ನೀರಿನ 40ನ್ನು ಕಳೆದರೆ 190 ಮತ್ತು 60, ಭಾಗಲಬ್ಧ 0.52, ಕೋನ 31 ಡಿಗ್ರಿ. ಮಣ್ಣು ಒಂದೇ, ಪರೀಕ್ಷೆ ಒಂದೇ, ಆದರೂ ಎಂಟು ಡಿಗ್ರಿಗಳ ಅಂತರ. ವರದಿಯಲ್ಲಿ 23 ಎಂದು ಮಾತ್ರ ಅಚ್ಚಾಗಿದ್ದರೆ ಓದುವವನು ಡೈರೆಕ್ಟ್ ಶಿಯರ್‌ನ 30ಕ್ಕೆ ಅದನ್ನು ಹೋಲಿಸಿ, ಟ್ರೈಆಕ್ಸಿಯಲ್ ಕಡಿಮೆ ಕೊಡುತ್ತದೆ ಎಂದು ತೀರ್ಮಾನಿಸುತ್ತಾನೆ. ಹೋಲಿಕೆ ಮಾಡುವ ಮುನ್ನ ಎರಡನ್ನೂ ನೀರಿನ ಒತ್ತಡ ಕಳೆದ ಲೆಕ್ಕಕ್ಕೆ, ಅಂದರೆ 1936ರಲ್ಲಿ ಟೆರ್ಜಾಗಿ ಸ್ಪಷ್ಟಪಡಿಸಿದ ಪರಿಣಾಮಕಾರಿ ಒತ್ತಡಕ್ಕೆ, ತರಲೇಬೇಕು.

ಡೈರೆಕ್ಟ್ ಶಿಯರ್‌ನಲ್ಲಿ ನೀರನ್ನು ಅಳೆಯಲಾಗದ ಕಾರಣ ಅದನ್ನು ಈ ಲೆಕ್ಕಕ್ಕೆ ತರಲು ಇರುವ ಉಪಾಯ ಒಂದೇ: ನೀರಿನ ಒತ್ತಡ ಏಳದಷ್ಟು ನಿಧಾನವಾಗಿ ಸರಿಸುವುದು. ಎಷ್ಟು ನಿಧಾನ ಎಂಬುದನ್ನು ಮಣ್ಣೇ ಹೇಳುತ್ತದೆ. ಭಾರ ಹೇರಿದಾಗ ಕುಗ್ಗುವಿಕೆಯ ಅರ್ಧ ಭಾಗ ಮುಗಿಯಲು ಬೇಕಾದ ಸಮಯವನ್ನು 50ರಿಂದ ಗುಣಿಸಿದರೆ, ಮಣ್ಣು ಒಡೆಯಲು ಕನಿಷ್ಠ ಅಷ್ಟು ಹೊತ್ತು ಕೊಡಬೇಕೆಂಬುದು ಬಳಕೆಯಲ್ಲಿರುವ ನಿಯಮ. ಅರ್ಧ ಕುಗ್ಗುವಿಕೆಗೆ 4 ನಿಮಿಷ ಹಿಡಿದರೆ ಒಡೆಯಲು 200 ನಿಮಿಷ ಕೊಡಬೇಕು. 5 ಮಿ.ಮೀ. ಸರಿದಾಗ ಒಡೆಯುವುದಾದರೆ ವೇಗ ನಿಮಿಷಕ್ಕೆ 0.025 ಮಿ.ಮೀ. ಮೇಲೆ ಹೇಳಿದ 1.25 ಮಿ.ಮೀ. ವೇಗದಲ್ಲಿ ಇದೇ ಕೆಲಸ ನಾಲ್ಕು ನಿಮಿಷಗಳಲ್ಲಿ ಮುಗಿದಿತ್ತು. ಅನುಮಾನವಿದ್ದರೆ ಇನ್ನೊಂದು ಮಾದರಿಯನ್ನು ಅರ್ಧ ವೇಗದಲ್ಲಿ ಸರಿಸಿ ನೋಡಬಹುದು. ಉತ್ತರ ಬದಲಾಗದಿದ್ದರೆ ಮೊದಲಿನ ವೇಗ ಸಾಕಷ್ಟು ನಿಧಾನವಾಗಿತ್ತು ಎಂದರ್ಥ.

ಹಾಗೆ ನೆನೆಸಿ ನಿಧಾನವಾಗಿ ಸರಿಸಿದಾಗ 33, 61, 116 ಕಿಲೋಪಾಸ್ಕಲ್ ಬಂದವೆನ್ನೋಣ. ಅಂಟುಬಲ 5.5, ಕೋನ 29 ಡಿಗ್ರಿ. ಇದೇ ಎರಡು ಸಂಖ್ಯೆಗಳನ್ನು ಹಿಡಿದು, ಪರಿಣಾಮಕಾರಿ ಒತ್ತಡ 60 ಇದ್ದ ಟ್ರೈಆಕ್ಸಿಯಲ್ ಕಂಬ ಎಷ್ಟರಲ್ಲಿ ಒಡೆಯಬೇಕಿತ್ತು ಎಂದು ಲೆಕ್ಕ ಹಾಕಿದರೆ ಉತ್ತರ ಸುಮಾರು 190, ಅಂದರೆ ಹೆಚ್ಚುಕಡಿಮೆ ಅಳೆದದ್ದೇ. ಜಗಳವಾಡುತ್ತಿದ್ದ ಎರಡು ಯಂತ್ರಗಳು ಒಂದೇ ಪ್ರಶ್ನೆ ಕೇಳಿದ ಕೂಡಲೇ ಒಂದೇ ಮಾತು ಆಡಿದವು. ನಿಜವಾದ ಪ್ರಯೋಗಾಲಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಎರಡು ಮೂರು ಡಿಗ್ರಿಗಳ ವ್ಯತ್ಯಾಸ ಉಳಿಯುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಮಾತ್ರ ಕಾರಣ ಹುಡುಕಬೇಕು, ಮತ್ತು ಟ್ರೈಆಕ್ಸಿಯಲ್ ಕಡೆಯಲ್ಲಿ ಮೊದಲು ನೋಡಬೇಕಾದದ್ದು ಕಂಬ ಪೂರ್ತಿ ನೆನೆದಿತ್ತೇ ಎಂಬುದು. ಸುತ್ತಲಿನ ಒತ್ತಡವನ್ನು ಸ್ವಲ್ಪ ಏರಿಸಿದಾಗ ಒಳಗಿನ ನೀರಿನ ಒತ್ತಡ ಅದರ ಶೇಕಡಾ 95ರಷ್ಟಾದರೂ ಏರದಿದ್ದರೆ ಒಳಗೆ ಗಾಳಿ ಉಳಿದಿದೆ. ಕುಗ್ಗಿಸದೆ, ನೀರು ಹೊರಬಿಡದೆ ವೇಗವಾಗಿ ಮಾಡುವ ಪರೀಕ್ಷೆಯ ವರದಿಯಲ್ಲಿ ಹತ್ತು ಹದಿನೈದು ಡಿಗ್ರಿ ಕೋನ ಕಂಡರೂ ಅರ್ಥ ಅದೇ, ಏಕೆಂದರೆ ಪೂರ್ತಿ ನೆನೆದ ಮಣ್ಣಿನಲ್ಲಿ ಆ ಪರೀಕ್ಷೆ ಕೊಡಬೇಕಾದ ಕೋನ ಸೊನ್ನೆ.

ಒಂದು ಕಡೆ ಮಾತ್ರ ಸರಳ ಪೆಟ್ಟಿಗೆಯೇ ಮೇಲು. ಬಂಡೆ ಕೊಳೆತು ಶೇಡಿಯಾದಾಗ ಬಂಡೆಯ ಹಳೆಯ ಪದರಗಳ ಗುರುತು ಮಣ್ಣಿನಲ್ಲಿ ಉಳಿದಿರುತ್ತದೆ. ಆ ಪದರಗಳು ರಸ್ತೆಯ ಕಡೆಗೆ ವಾಲಿದ್ದರೆ ಗುಡ್ಡ ಜಾರುವುದು ಅವುಗಳ ಮೇಲೆಯೇ. ಲಂಬವಾಗಿ ಕೊರೆದು ತಂದ ಟ್ರೈಆಕ್ಸಿಯಲ್ ಕಂಬವು ಅಡ್ಡಕ್ಕೆ ಸುಮಾರು 60 ಡಿಗ್ರಿ ಓರೆಯಲ್ಲಿ ಒಡೆಯುವಾಗ ಆ ಪದರಗಳನ್ನು ಕತ್ತರಿಸಿಕೊಂಡು ಹೋಗಬಹುದು. ಅವು ಎಷ್ಟು ದುರ್ಬಲ ಎಂಬುದು ಅದರಲ್ಲಿ ಗೊತ್ತಾಗುವುದೇ ಇಲ್ಲ. ಪದರ ಪೆಟ್ಟಿಗೆಯ ಬಿರುಕಿನ ಮಟ್ಟಕ್ಕೇ ಬರುವಂತೆ ಮಾದರಿಯನ್ನು ಕೆತ್ತಿ ಇಟ್ಟರೆ, ಕೊರತೆ ಎಂದು ಬೈಸಿಕೊಂಡ ಆ ಬಲವಂತದ ಜಾರು ತಲವೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಇನ್ನು ಆಯ್ಕೆ. 31 ಕಿಲೋಪಾಸ್ಕಲ್ ಅಂಟುಬಲ ಸುಳ್ಳಲ್ಲ. ಅದನ್ನು ಹಿಡಿದು ಲೆಕ್ಕ ಹಾಕಿದರೆ, ಮೇಲ್ಗಡೆ ಬಿರುಕು ಬಿಡದಿದ್ದಲ್ಲಿ ಲಂಬ ಕಡಿತ ಸುಮಾರು 12 ಮೀಟರ್‌ವರೆಗೆ ನಿಲ್ಲಬಲ್ಲದು, ಬೇಸಗೆಯಲ್ಲಿ ಎಂಟು ಮೀಟರ್ ಗೋಡೆ ನಿಂತದ್ದು ಅದರಿಂದಲೇ. ಆದರೆ ಆ ಬಲ ತೇವದ ಎಳೆತದ್ದು, ಮಳೆಯೊಂದಿಗೆ ಹೋಗುವಂಥದ್ದು. ಮೃದು ಜೇಡಿಯ ಮೇಲೆ ಮಣ್ಣಿನ ಏರಿ ಕಟ್ಟಿದಾಗ ನೀರು ಹಿಂಡಿಹೋಗಿ ಕಾಲ ಕಳೆದಂತೆ ಮಣ್ಣು ಬಲಗೊಳ್ಳುವುದರಿಂದ ಅಲ್ಲಿ ಮೊದಲ ದಿನಗಳ ವೇಗದ ಪರೀಕ್ಷೆ ಮುಖ್ಯ, ಗುಡ್ಡ ಕಡಿದಾಗ ಕಾಲ ಕಳೆದಂತೆ ಬಲ ಕುಗ್ಗುವುದರಿಂದ ನೆನೆಸಿದ ನಿಧಾನ ಪರೀಕ್ಷೆಯೇ ಮುಖ್ಯ. ಎತ್ತರ ಒಂದಕ್ಕೆ ಅಡ್ಡ ಒಂದೂವರೆಯ ಇಳಿಜಾರಿನಲ್ಲಿ ಎರಡು ಮೀಟರ್ ಆಳದ ಪದರ ಜಾರುವುದನ್ನು ಪರಿಗಣಿಸೋಣ, ಮಣ್ಣಿನ ತೂಕ ಘನಮೀಟರ್‌ಗೆ 18 ಕಿಲೋನ್ಯೂಟನ್ ಇರಲಿ. ಬೇಸಗೆಯ ಸಂಖ್ಯೆಗಳಿಂದ ಸುರಕ್ಷಾ ಗುಣಾಂಕ, ಅಂದರೆ ಜಾರಿಸುವ ಬಲಕ್ಕಿಂತ ತಡೆಯುವ ಬಲ ಎಷ್ಟು ಪಟ್ಟು ಎಂಬುದು, 2.7. ನೆನೆಸಿದ ಸಂಖ್ಯೆಗಳಿಂದ, ಒಳಗೆ ನೀರಿನ ಹರಿವಿಲ್ಲದಿದ್ದರೆ 1.16. ಮಳೆನೀರು ಇಳಿಜಾರಿಗೆ ಸಮಾನಾಂತರವಾಗಿ ಮಣ್ಣು ತುಂಬ ಹರಿದರೆ 0.71, ಅಂದರೆ ಗುಡ್ಡ ಆಗಲೇ ರಸ್ತೆಯಲ್ಲಿದೆ.

ಉಳಿದಿರುವ 5.5ರ ಅಂಟುಬಲವನ್ನೂ ನಾನು ನಂಬುವುದಿಲ್ಲ. ಎರಡು ಮೀಟರ್ ಆಳದ ಜಾರು ತಲದ ಮೇಲಿನ ಭಾರ ಕೇವಲ 25 ಕಿಲೋಪಾಸ್ಕಲ್, ನಮ್ಮ ಪರೀಕ್ಷೆ ಶುರುವಾದದ್ದೇ 50ರಿಂದ. ಬಲದ ರೇಖೆ ವಾಸ್ತವದಲ್ಲಿ ಬಾಗಿರುತ್ತದೆ, ಅದಕ್ಕೆ ನೇರ ಪಟ್ಟಿ ಇಟ್ಟು ಎಳೆದಾಗ ಎಡಗಡೆಯಲ್ಲಿ ಉಳಿಯುವ ತುಂಡನ್ನೇ ನಾವು ಅಂಟುಬಲ ಎನ್ನುತ್ತಿರಬಹುದು. 15, 25, 50 ಕಿಲೋಪಾಸ್ಕಲ್ ಭಾರದಲ್ಲಿ ನಿಧಾನ ಪರೀಕ್ಷೆಯನ್ನು ಮತ್ತೆ ಮಾಡಿಸುವವರೆಗೆ ಅಂಟುಬಲ ಸೊನ್ನೆ, ಕೋನ 29 ಡಿಗ್ರಿ ಎಂದು ಹಿಡಿಯುವುದು ನನ್ನ ಆಯ್ಕೆ. ಈ ಆಯ್ಕೆಯೊಂದಿಗೆ ನೀರು ತುಂಬಿ ಹರಿಯುವ ಸ್ಥಿತಿಯಲ್ಲಿ ಸುರಕ್ಷಾ ಗುಣಾಂಕ 1.5 ಬೇಕೆಂದರೆ ಇಳಿಜಾರು ಒಂದಕ್ಕೆ ಆರರಷ್ಟು ಚಪ್ಪಟೆಯಾಗಬೇಕು. ಅಷ್ಟು ಜಾಗ ಯಾವ ರಸ್ತೆಯ ಪಕ್ಕದಲ್ಲೂ ಸಿಗುವುದಿಲ್ಲ. ನೀರನ್ನು ಹೊರಗಿಟ್ಟರೆ ಒಂದಕ್ಕೆ 2.7 ಸಾಕು. ಆದ್ದರಿಂದ ನಕ್ಷೆಯಲ್ಲಿ ಮೊದಲು ಬರಬೇಕಾದದ್ದು ಮೇಲ್ಗಡೆಯ ಕಟ್ಟೆಚರಂಡಿ ಮತ್ತು ಗುಡ್ಡದೊಳಕ್ಕೆ ಕೊರೆದ ಅಡ್ಡ ಕೊಳವೆಗಳು. ಅವು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಮಣ್ಣಿನೊಳಗಿನ ನೀರಿನ ಮಟ್ಟ ತೋರಿಸುವ ಎರಡು ಪೀಜೋಮೀಟರ್‌ಗಳನ್ನೂ ಹೂತಿಟ್ಟು, ಜೂನ್‌ನಿಂದ ಆಗಸ್ಟ್‌ವರೆಗೆ ಆ ಮಟ್ಟವನ್ನು ದಿನವೂ ಬರೆದಿಡಬೇಕು.